ಮೇಳಕ್ಕೆ ಮುಂಚೆ ಬರೆಯುವ ಕಾಗದ

“ಅಣ್ಣಾ, ಸ್ಟಾಲಿಗೆ ಎಷ್ಟಾಗುತ್ತೆ?”

“ನಲವತ್ತೈದು ಸಾವಿರ ಸಾರ್. ಕಾರ್ನರ್ ಬೇಕಂದ್ರೆ ಸ್ವಲ್ಪ ಜಾಸ್ತಿ. ಬೇಗ ಹೇಳ್ಬಿಡಿ, ಇನ್ನು ಐದೇ ಉಳಿದಿರೋದು.”

ಮೇಳದಲ್ಲಿ ಮಳಿಗೆ ಹಾಕಬೇಕೆಂದು ಮಂಡ್ಯದಿಂದಲೋ ಮದ್ದೂರಿನಿಂದಲೋ ಬೆಂಗಳೂರಿಗೆ ಹೋಗುವ ಫೋನು ಹೆಚ್ಚುಕಡಿಮೆ ಹೀಗೇ ಶುರುವಾಗಿ ಹೀಗೇ ಮುಗಿಯುತ್ತದೆ. ಕೇಳಿದವರಿಗೆ ಒಂದು ಅಂಕಿ ಸಿಕ್ಕಿತು, ಹೇಳಿದವರಿಗೆ ಒಂದು ಫೋನ್ ನಂಬರ್ ಸಿಕ್ಕಿತು. ಆ ನಲವತ್ತೈದು ಸಾವಿರಕ್ಕೆ ಏನು ಕೊಡುತ್ತಾರೆ, ಏನು ಕೊಡುವುದಿಲ್ಲ, ಮೇಳ ಮುಂದೂಡಿದರೆ ದುಡ್ಡಿನ ಗತಿ ಏನು ಎಂಬುದು ಇಬ್ಬರ ಬಾಯಲ್ಲೂ ಬರಲಿಲ್ಲ. ‘ಐದೇ ಉಳಿದಿದೆ’ ಎಂಬ ಮಾತಿಗೆ ಹೆದರಿ ಅಂದೇ ಯುಪಿಐಯಲ್ಲಿ ಮುಂಗಡ ಹಾಕುವವರೂ ಇದ್ದಾರೆ.

ಈ ವಿಚಾರಣೆ ನಮ್ಮ ಜಿಲ್ಲೆಯಲ್ಲಿ ಈಗ ಹೆಚ್ಚಾಗಿರುವುದಕ್ಕೆ ಕಾರಣವಿದೆ. ಕೇಂದ್ರ ಸರ್ಕಾರ 2020ರಲ್ಲಿ ತಂದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಎಂದು ಮಂಡ್ಯಕ್ಕೆ ಬಂದದ್ದು ಬೆಲ್ಲ. ಹಿಂದೆ ಆಲೆಮನೆಯಿಂದ ಅಚ್ಚು ಬೆಲ್ಲ ನೇರ ಎಪಿಎಂಸಿಗೆ ಹೋಗುತ್ತಿತ್ತು, ದಲ್ಲಾಳಿ ದರ ಹೇಳುತ್ತಿದ್ದರು, ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಈಗ ಅದೇ ಬೆಲ್ಲವನ್ನು ಪುಡಿ ಮಾಡಿ, ಅರ್ಧ ಕೆ.ಜಿ. ಪೊಟ್ಟಣಕ್ಕೆ ತುಂಬಿ, ಹೆಸರಿಟ್ಟು ಮಾರಲು ಹೊರಟವರಿಗೆ ಗಿರಾಕಿಯನ್ನು ತಾವೇ ಹುಡುಕಿಕೊಳ್ಳುವ ಕೆಲಸ ಬಿದ್ದಿದೆ. ಹಾಗಾಗಿ ಒಬ್ಬ ಬೆಲ್ಲದ ಪುಡಿ ತಯಾರಕರನ್ನು ಮುಂದಿಟ್ಟುಕೊಂಡೇ ನೋಡೋಣ. ಇವರು ಮಳವಳ್ಳಿ ತಾಲ್ಲೂಕಿನವರು ಎಂದಿರಲಿ. ಕೆ.ಜಿ.ಗೆ 120 ರೂಪಾಯಿಯಂತೆ ಮಾರುತ್ತಾರೆ, ಬೆಲ್ಲ, ಕೂಲಿ, ಪ್ಯಾಕಿಂಗ್ ಎಲ್ಲ ಸೇರಿ 85 ರೂಪಾಯಿ ಬೀಳುತ್ತದೆ, ಕೈಗೆ ಉಳಿಯುವುದು 35. ಇವರೂ ಇವರ ದರಗಳೂ ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು. ನಿಮ್ಮ ದರ ಹಾಕಿಕೊಂಡರೆ ಲೆಕ್ಕ ನಿಮ್ಮದಾಗುತ್ತದೆ.

ಮೊದಲು ಯಾರನ್ನು ಕೇಳಬೇಕು ಎಂಬುದನ್ನು ಬಿಡಿಸಿಕೊಳ್ಳಬೇಕು. ವಿ.ಸಿ. ಫಾರ್ಮಿನ ಕೃಷಿ ಮೇಳಕ್ಕೋ ಬೆಂಗಳೂರಿನ ಜಿಕೆವಿಕೆ ಮೇಳಕ್ಕೋ ಆದರೆ ಮಳಿಗೆ ಹಂಚುವುದು ವಿಶ್ವವಿದ್ಯಾಲಯವೇ. ಅರಮನೆ ಮೈದಾನದ ಸಾವಯವ ಮತ್ತು ಸಿರಿಧಾನ್ಯ ವಾಣಿಜ್ಯ ಮೇಳಕ್ಕೆ ಕೃಷಿ ಇಲಾಖೆ. ಮೈಸೂರು ದಸರಾ ವಸ್ತುಪ್ರದರ್ಶನದ ದೊಡ್ಡಕೆರೆ ಮೈದಾನ ಕರ್ನಾಟಕ ವಸ್ತುಪ್ರದರ್ಶನ ಪ್ರಾಧಿಕಾರದ್ದು. ಅಲ್ಲಿ ವ್ಯಾಪಾರ ಮೂರು ದಿನದ್ದಲ್ಲ, ಸುಮಾರು ಮೂರು ತಿಂಗಳದ್ದು. ಹಾಗಾಗಿ ಅಲ್ಲಿನ ಬಾಡಿಗೆಯನ್ನು ಮೂರು ದಿನದ ಮೇಳದ ಬಾಡಿಗೆಯ ಪಕ್ಕ ಇಟ್ಟು ‘ಇದು ದುಬಾರಿ, ಅದು ಅಗ್ಗ’ ಎನ್ನುವುದರಲ್ಲಿ ಅರ್ಥವಿಲ್ಲ. ಇನ್ನು ಸಂಜೀವಿನಿ ಸ್ವಸಹಾಯ ಸಂಘದ ಮಹಿಳೆಯರಾದರೆ ಸರಸ್ ಮೇಳಕ್ಕೆ ವ್ಯವಸ್ಥಾಪಕರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ತಾಲ್ಲೂಕು ಪಂಚಾಯಿತಿಯ ಸಂಜೀವಿನಿ ಘಟಕದಲ್ಲಿ ಹೆಸರು ಕೊಟ್ಟಿರಬೇಕು, ಅಲ್ಲಿಂದಲೇ ಪಟ್ಟಿ ಹೋಗುತ್ತದೆ.

ಉಳಿದದ್ದು ಖಾಸಗಿ ಮೇಳ. ಕೇಳಬೇಕಾದ ಪ್ರಶ್ನೆ ಹೆಚ್ಚಿರುವುದು ಇಲ್ಲಿಯೇ. ಜಾಗದ ಮಾಲೀಕರು ಒಬ್ಬರು, ಜಾಗವನ್ನು ಬಾಡಿಗೆಗೆ ಹಿಡಿದು ಮೇಳ ನಡೆಸುವವರು ಇನ್ನೊಬ್ಬರು, ಅವರಿಂದ ಒಂದಷ್ಟು ಮಳಿಗೆ ಒಟ್ಟಾಗಿ ಕೊಂಡು ಚಿಲ್ಲರೆಯಾಗಿ ಮಾರುವ ಏಜೆಂಟ್ ಮತ್ತೊಬ್ಬರು. ನಿಮ್ಮ ಫೋನಿಗೆ ಸಿಕ್ಕವರು ಈ ಮೂವರಲ್ಲಿ ಯಾರು? ರಸೀದಿ ಯಾರ ಹೆಸರಲ್ಲಿ ಬರುತ್ತದೆ ಎಂದು ಕೇಳಿದರೆ ಗೊತ್ತಾಗುತ್ತದೆ.

ಎರಡನೆಯದು ದಿನಾಂಕ. ಇದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ವಿಷಯ ಎಂದುಕೊಂಡವರೇ ಹೆಚ್ಚು. ಅರಮನೆ ಮೈದಾನದ ಮೇಳವನ್ನೇ ನೋಡಿ. 2023ರಲ್ಲಿ ಅದು ನಡೆದದ್ದು ಜನವರಿ 20ರಿಂದ 22. 2024ರಲ್ಲಿ ಜನವರಿ 5ರಿಂದ 7. 2025ರಲ್ಲಿ 23ರಿಂದ 25. ಎಲ್ಲವೂ ಜನವರಿಯೇ. ಆದರೆ ಮಧ್ಯದಲ್ಲಿ ಸಂಕ್ರಾಂತಿ ಇದೆ. ಮೂರು ವರ್ಷದಲ್ಲಿ ಒಮ್ಮೆ ಮಾತ್ರ ಮೇಳ ಹಬ್ಬದ ಮುಂಚೆ ಬಂತು, ಎರಡು ಬಾರಿ ಹಬ್ಬ ಕಳೆದ ಮೇಲೆ. ಬೆಲ್ಲ ಮಾರುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. 5ನೇ ತಾರೀಕಿನ ಮೇಳಕ್ಕೆ ಬರುವ ಬೆಂಗಳೂರಿನ ಗೃಹಿಣಿಗೆ ಮನೆಯಲ್ಲಿ ಎಳ್ಳು-ಬೆಲ್ಲ ಮಾಡುವುದು ಬಾಕಿ ಇರುತ್ತದೆ. 20ರ ಮೇಳಕ್ಕೆ ಬರುವವರ ಮನೆಯಲ್ಲಿ ಉಳಿದ ಎಳ್ಳು-ಬೆಲ್ಲ ಡಬ್ಬದಲ್ಲಿರುತ್ತದೆ. ಮೊದಲ ಮೇಳಕ್ಕೆ ಅಚ್ಚು ಬೆಲ್ಲವನ್ನೂ ಒಯ್ಯಬಹುದು. ಎರಡನೆಯದಕ್ಕೆ ಕಾಫಿ-ಟೀಗೆ ಹಾಕುವ ಪುಡಿಯೇ ವಾಸಿ, ಸರಕೂ ಕಡಿಮೆ ಸಾಕು. ಆದ್ದರಿಂದ ‘ಜನವರಿಯಲ್ಲಿ ಸಾರ್’ ಎಂಬ ಉತ್ತರಕ್ಕೆ ತೃಪ್ತರಾಗಬಾರದು. ದಿನಾಂಕ ಖಚಿತವಾಗಿದೆಯೇ, ಜಾಗ ಕಾಯ್ದಿರಿಸಿ ಆಗಿದೆಯೇ ಎಂದು ಕೇಳಬೇಕು.

ದಿನಾಂಕದ ಜೊತೆಯಲ್ಲೇ ಕೇಳಬೇಕಾದದ್ದು ಹೊತ್ತು. ಮೇಳ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಎಂದರೆ ಮಳಿಗೆ ನಿಮ್ಮ ಕೈಗೆ ಬರುವುದು ಗುರುವಾರ ಮಧ್ಯಾಹ್ನವೋ, ರಾತ್ರಿಯೋ? ಸಾಮಾನಿನ ಗಾಡಿಯನ್ನು ಬಾಗಿಲವರೆಗೆ ಎಷ್ಟು ಹೊತ್ತಿನವರೆಗೆ ಬಿಡುತ್ತಾರೆ? ಕೊನೆಯ ದಿನ ಎಷ್ಟು ಗಂಟೆಯೊಳಗೆ ಖಾಲಿ ಮಾಡಬೇಕು? ಬೆಂಗಳೂರಿನಿಂದ ಮದ್ದೂರು ಸುಮಾರು ಎಂಬತ್ತು ಕಿಲೋಮೀಟರ್. ರಾತ್ರಿ ಮನೆಗೆ ಬಂದು ಬೆಳಿಗ್ಗೆ ಹೋದರಾಯಿತು, ರೂಮಿನ ಖರ್ಚು ಉಳಿಯುತ್ತದೆ ಎಂದು ಲೆಕ್ಕ ಹಾಕುವವರಿದ್ದಾರೆ. ಆಗುತ್ತದೆ. ಆದರೆ ಸಾಮಾನಿಗೆ ಮೂರು ಚಕ್ರದ ಗೂಡ್ಸ್ ಆಟೋ ನಂಬಿಕೊಂಡಿದ್ದರೆ ನೆನಪಿರಲಿ: 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದಕ್ಕೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಊರೂರು ಹಾದು ಹೋಗುವಷ್ಟರಲ್ಲಿ ಮೇಳದವರು ಗಾಡಿ ಬಿಡುವ ಹೊತ್ತು ಮೀರಿರುತ್ತದೆ.

ಈಗ ದರಕ್ಕೆ ಬರೋಣ. ಖಾಸಗಿ ಮೇಳಗಳಲ್ಲಿ ಜಾಗದ ದರ ಚದರ ಮೀಟರಿಗೆ ಇಷ್ಟು ಎಂದಿರುತ್ತದೆ. ಸಣ್ಣ ಮಳಿಗೆ ಎಂದರೆ ಮೂರು ಮೀಟರ್ ಅಗಲ, ಮೂರು ಮೀಟರ್ ಆಳ, ಒಟ್ಟು 9 ಚದರ ಮೀಟರ್. ಇದರಲ್ಲಿ ಎರಡು ಬಗೆ. ಒಂದು ಬರೀ ಜಾಗ: ನೆಲದ ಮೇಲೆ ಗೆರೆ ಹಾಕಿ ಕೊಡುತ್ತಾರೆ, ಗೋಡೆ, ದೀಪ, ಬೋರ್ಡು ಎಲ್ಲ ನಿಮ್ಮದೇ. ದರ ಕಡಿಮೆ ಕಾಣುತ್ತದೆ, ಆದರೆ ದೊಡ್ಡ ಅಳತೆಯಲ್ಲಿ ಮಾತ್ರ ಕೊಡುವುದು ರೂಢಿ. ಸಣ್ಣವರಿಗೆ ಅದು ಬೇಡ. ಇನ್ನೊಂದು ಕಟ್ಟಿದ ಮಳಿಗೆ, ವ್ಯವಸ್ಥಾಪಕರು ಶೆಲ್ ಸ್ಕೀಮ್ ಎನ್ನುವುದು: ಮೂರು ಕಡೆ ಬಿಳಿ ಹಲಗೆಯ ಗೋಡೆ, ಮೇಲೆ ಹೆಸರಿನ ಪಟ್ಟಿ, ಒಂದು ಮೇಜು, ಎರಡು ಕುರ್ಚಿ, ಒಂದೆರಡು ದೀಪ, ಒಂದು ಪ್ಲಗ್.

ಚದರ ಮೀಟರಿಗೆ 5,000 ಎಂದಿಟ್ಟುಕೊಂಡರೆ ಆ ಫೋನಿನ 45,000 ಬಂತು. ‘ಸ್ವಲ್ಪ ಜಾಸ್ತಿ’ ಎಂದ ಮೂಲೆ ಮಳಿಗೆಗೆ ನೂರಕ್ಕೆ ಹತ್ತು ಎಂದರೆ 4,500 ಸೇರಿ 49,500. ಇದರ ಮೇಲೆ ಜಿಎಸ್‌ಟಿ ನೂರಕ್ಕೆ 18, ಅಂದರೆ 8,910. ಒಟ್ಟು 58,410. ಫೋನಿನಲ್ಲಿ ಜಿಎಸ್‌ಟಿ ಸೇರಿಸಿ ದರ ಹೇಳುವವರನ್ನು ನಾನಂತೂ ಕಂಡಿಲ್ಲ. ನೀವು ಜಿಎಸ್‌ಟಿ ನೋಂದಣಿ ಇರುವ ಸಾಮಾನ್ಯ ತೆರಿಗೆದಾರರಾದರೆ ಆ 8,910ನ್ನು ಮುಂದೆ ನಿಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ನೋಂದಣಿ ಇಲ್ಲದವರಿಗೆ, ಕಾಂಪೊಸಿಷನ್‌ನಲ್ಲಿ ಇರುವವರಿಗೆ ಅದು ಪೂರ್ತಿ ಖರ್ಚು.

ಇನ್ನು ಆ ಒಂದು ಪ್ಲಗ್. ಬೆಲ್ಲದ ಪುಡಿ ಮಾರುವವರು ಬೆಲ್ಲದ ಟೀ ಮಾಡಿ ಸಣ್ಣ ಲೋಟದಲ್ಲಿ ರುಚಿ ತೋರಿಸುವುದು ಒಳ್ಳೆಯ ಉಪಾಯವೇ. ಆದರೆ ಅಲ್ಲಿರುವುದು 5 ಆಂಪಿಯರ್ ಪ್ಲಗ್. 230 ವೋಲ್ಟಿನಲ್ಲಿ ಅದು ತಡೆಯುವುದು ಸುಮಾರು 1,150 ವ್ಯಾಟ್. ನಿಮ್ಮ ಎಲೆಕ್ಟ್ರಿಕ್ ಕೆಟಲ್ ತಳದಲ್ಲಿ 1,500 ವ್ಯಾಟ್ ಎಂದು ಬರೆದಿರುತ್ತದೆ. ಚುಚ್ಚಿದರೆ ಟ್ರಿಪ್ ಆಗಬಹುದು. ನಿಮ್ಮದೊಂದೇ ಅಲ್ಲ, ಆ ಸಾಲಿನ ಮಳಿಗೆಗಳೂ ಕತ್ತಲಾಗಬಹುದು. ಹೆಚ್ಚಿನ ವಿದ್ಯುತ್ತನ್ನು ಕಿಲೋವ್ಯಾಟ್ ಲೆಕ್ಕದಲ್ಲಿ ಬೇರೆ ಕೊಳ್ಳಬೇಕು, ಅದೂ ಮೇಳಕ್ಕೆ ಎಷ್ಟೋ ದಿನ ಮುಂಚೆ ಬರೆದುಕೊಟ್ಟು. 2 ಕಿಲೋವ್ಯಾಟಿಗೆ 6,000 ಎಂದರೆ ಜಿಎಸ್‌ಟಿ ಸೇರಿ 7,080. ಈಗ ಒಟ್ಟು 65,490. ಗಾಡಿ ಬಾಡಿಗೆ, ಇಬ್ಬರ ಊಟ, ರೂಮು ಸೇರಿ 15,000 ಹಿಡಿದರೆ 80,490.

ನಲವತ್ತೈದು ಸಾವಿರ ಎಂಬತ್ತಾಯಿತು. ಕೆ.ಜಿ.ಗೆ 35 ಉಳಿಸುವ ನಮ್ಮ ಮಳವಳ್ಳಿಯವರು ಈ ಖರ್ಚನ್ನು ಬರೀ ಮಾರಾಟದಿಂದ ತೆಗೆಯಬೇಕಾದರೆ 2,300 ಕೆ.ಜಿ. ಮಾರಬೇಕು. ಮೂರು ದಿನ, ದಿನಕ್ಕೆ ಒಂಬತ್ತು ಗಂಟೆ ಎಂದರೆ ಗಂಟೆಗೆ 85 ಕೆ.ಜಿ. ಅರ್ಧ ಕೆ.ಜಿ. ಪೊಟ್ಟಣದ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು ಮೂರು ಪೊಟ್ಟಣ, ಊಟಕ್ಕೂ ಏಳದೆ. ಆಗದ ಮಾತು. ಅದೇ ಇವರು ಮಂಡ್ಯದಲ್ಲೇ ನಡೆಯುವ ಮೇಳದಲ್ಲಿ 4,000 ಬಾಡಿಗೆ, 3,000 ಓಡಾಟ ಎಂದು ಕೂತರೆ 200 ಕೆ.ಜಿ.ಗೆ ಖರ್ಚು ಕಳೆಯುತ್ತದೆ.

ಹಾಗಾದರೆ ದೊಡ್ಡ ಮೇಳ ದಂಡವೇ? ಗಿರಾಕಿ ಯಾರು ಎಂಬುದರ ಮೇಲೆ ಹೋಗುತ್ತದೆ. ತಿಂಗಳಿಗೆ 200 ಕೆ.ಜಿ. ಕೊಳ್ಳುವ ಎರಡು ಅಂಗಡಿ ಸಿಕ್ಕಿ, ಸಗಟು ದರದಲ್ಲಿ ಕೆ.ಜಿ.ಗೆ 20 ಉಳಿದರೂ ತಿಂಗಳಿಗೆ 8,000 ಆಯಿತು. ಹತ್ತು ತಿಂಗಳಲ್ಲಿ ಮೇಳದ ಖರ್ಚು ಹೆಚ್ಚುಕಡಿಮೆ ಬಂತು, ಹನ್ನೊಂದನೆಯ ತಿಂಗಳಿಂದ ಲಾಭ. ಅದಕ್ಕೇ ವ್ಯವಸ್ಥಾಪಕರಿಗೆ ಕೇಳಬೇಕಾದ ಪ್ರಶ್ನೆ ‘ಎಷ್ಟು ಜನ ಬರ್ತಾರೆ’ ಎಂಬುದಲ್ಲ. ಲಕ್ಷ ಜನ ಎಂದು ಹೇಳಿಬಿಡುತ್ತಾರೆ. ವ್ಯಾಪಾರಸ್ಥರಿಗೆಂದೇ ಬೇರೆ ಹೊತ್ತು ಇಟ್ಟಿದ್ದೀರಾ, ಕಳೆದ ಸಲ ಯಾವ ಯಾವ ಅಂಗಡಿ, ಹೋಟೆಲ್, ರಫ್ತುದಾರರು ನೋಂದಾಯಿಸಿಕೊಂಡಿದ್ದರು ಎಂದು ಕೇಳಿ. ಉತ್ತರಿಸಲು ತಡವರಿಸಿದರೆ ಅದು ಜನ ಸುತ್ತಾಡಿಕೊಂಡು ಹೋಗುವ ಮೇಳ. ಅಲ್ಲಿ ಎಂಬತ್ತು ಸಾವಿರ ಸುರಿಯಬಾರದು.

ಬಾಡಿಗೆಗೆ ಸರ್ಕಾರದ ನೆರವೂ ಇದೆ. ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ಉದ್ದಿಮೆಗಳಿಗೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಖರೀದಿ ಮತ್ತು ಮಾರುಕಟ್ಟೆ ಬೆಂಬಲ ಯೋಜನೆಯಲ್ಲಿ ಮಳಿಗೆ ಬಾಡಿಗೆಯ ನೂರಕ್ಕೆ 80 ಭಾಗ, ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಯಾದರೆ ಪೂರ್ತಿ ಬಾಡಿಗೆ, ಒಂದು ಮಿತಿಯೊಳಗೆ ವಾಪಸ್ ಸಿಗುತ್ತದೆ. ಗಮನಿಸಬೇಕಾದದ್ದು ‘ವಾಪಸ್’ ಎಂಬುದನ್ನು. ಮೊದಲು ನೀವು ಕಟ್ಟಬೇಕು. ಯಾವ ಮೇಳಕ್ಕಾದರೂ ಹೋಗಿ ಬಂದು ಬಿಲ್ ಕೊಡುವುದೂ ಅಲ್ಲ. ಈ ಮೇಳಕ್ಕೆ ಯೋಜನೆ ಅನ್ವಯಿಸುತ್ತದೆಯೇ ಎಂದು ಮಂಡ್ಯದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮುಂಗಡ ಹಾಕುವ ಮೊದಲೇ ವಿಚಾರಿಸಬೇಕು. ಬಿಲ್ಲು ನಿಮ್ಮ ಉದ್ದಿಮೆಯ ಹೆಸರಲ್ಲೇ, ಜಾಗದ ಬಾಡಿಗೆ ಬೇರೆ, ವಿದ್ಯುತ್ ಬೇರೆ ಎಂದು ಬಿಡಿಸಿ ಬರಬೇಕೆಂದು ವ್ಯವಸ್ಥಾಪಕರಿಗೆ ಬರೆಯಬೇಕು. ಏಜೆಂಟಿನ ಕೈಬರಹದ ಚೀಟಿ ಹಿಡಿದುಕೊಂಡು ಹೋದರೆ ಅಲ್ಲಿ ನಡೆಯುವುದಿಲ್ಲ.

ಷರತ್ತುಗಳ ಹಾಳೆಯನ್ನು ಯಾರೂ ಓದುವುದಿಲ್ಲ, ಸಣ್ಣ ಅಕ್ಷರ ಬೇರೆ. ಆದರೆ ನಿಮ್ಮ ಸರಕಿಗೆ ತಗಲುವ ಸಾಲು ಒಂದೋ ಎರಡೋ ಇರುತ್ತವೆ, ಅವನ್ನು ಹುಡುಕಿದರೆ ಸಾಕು. ಮದ್ದೂರು ವಡೆಯವರು ಬಿಸಿಬಿಸಿ ಕರಿದು ಕೊಟ್ಟರೇ ವ್ಯಾಪಾರ ಎನ್ನುತ್ತಾರೆ. ಮುಚ್ಚಿದ ಸಭಾಂಗಣದಲ್ಲಿ ಗ್ಯಾಸ್ ಒಲೆ ಹಚ್ಚಲು ಬಿಡುವುದಿಲ್ಲ. ಒಲೆ ಬೇಕೆಂದರೆ ಹೊರಗಿನ ಆಹಾರ ಮಳಿಗೆಗಳ ಸಾಲಿಗೆ ಹೋಗಬೇಕು, ಅದರ ದರವೂ ಟೆಂಡರೂ ಬೇರೆ. ಒಳಗೇ ಕೂರಬೇಕೆಂದರೆ ಪೊಟ್ಟಣ ಕಟ್ಟಿದ ವಡೆ, ಲೇಬಲ್, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ. ಮದ್ದೂರಿನ ಎಳನೀರಿನವರದ್ದು ಇನ್ನೊಂದು ತಾಪತ್ರಯ: ದಿನಕ್ಕೆ ಮುನ್ನೂರು ಕಾಯಿ ಕೆತ್ತಿದರೆ ಬುರುಡೆ ಎಲ್ಲಿ ಹಾಕುವುದು? ಕಸ ಸಾಗಿಸುವ ಹೊಣೆ ನಿಮ್ಮದೇ ಎಂದಿದ್ದರೆ ದಿನವೂ ಒಂದು ಗಾಡಿ ಬೇಕು. ಪಕ್ಕದವರ ಜೊತೆ ಮಳಿಗೆ ಹಂಚಿಕೊಂಡು ಅರ್ಧ ಬಾಡಿಗೆ ಉಳಿಸುವ ಯೋಚನೆ ಇದ್ದವರು ಅದನ್ನೂ ಮೊದಲೇ ಕೇಳಬೇಕು. ಒಳಬಾಡಿಗೆಗೆ ಕೊಡಬಾರದೆಂಬ ಸಾಲು ಬಹುತೇಕ ಎಲ್ಲ ಹಾಳೆಯಲ್ಲೂ ಇರುತ್ತದೆ. ಆದರೆ ಎರಡು ಹೆಸರಿನಲ್ಲಿ ಜಂಟಿಯಾಗಿ ಅರ್ಜಿ ಹಾಕಿದರೆ ಒಪ್ಪುವವರೂ ಉಂಟು.

ಎಲ್ಲರಿಗೂ ತಗಲುವ ಸಾಲು ರದ್ದತಿಯದು. ನೀವು ಬರಲಾಗದಿದ್ದರೆ ಎಷ್ಟು ಕಳೆದು ಕೊಡುತ್ತಾರೆ ಎಂಬುದನ್ನು ವಿವರವಾಗಿ ಬರೆದಿರುತ್ತಾರೆ. ಮೇಳವೇ ನಡೆಯದಿದ್ದರೆ ಎಂಬುದರ ಬಗ್ಗೆ ‘ಮುಂದಿನ ಮೇಳಕ್ಕೆ ಹೊಂದಿಸಲಾಗುವುದು’ ಎಂಬ ಒಂದೇ ಸಾಲು. 2020ರಲ್ಲಿ ಕೋವಿಡ್ ಬಂದಾಗ ಮೇಳಗಳೆಲ್ಲ ನಿಂತವು, ಆ ಒಂದು ಸಾಲಿನ ಬೆಲೆ ಆಗ ತಿಳಿಯಿತು. ಮುಂದಿನ ದಿನಾಂಕ ನಮಗೆ ಒಗ್ಗದಿದ್ದರೆ ಹಣ ವಾಪಸ್ ಕೊಡುತ್ತೀರಾ, ಎಷ್ಟು ದಿನದಲ್ಲಿ ಎಂದು ಕೇಳಿ ಬರೆಸಿಕೊಳ್ಳಬೇಕು.

ಕೊನೆಯ ದಿನಾಂಕ ಎಂಬುದು ಒಂದಲ್ಲ. ರಿಯಾಯಿತಿ ದರ ಮುಗಿಯುವ ದಿನ, ಅರ್ಜಿಯ ಕೊನೆ ದಿನ, ಬಾಕಿ ಹಣದ ಕೊನೆ ದಿನ, ಬೋರ್ಡಿನ ಹೆಸರು ಕೊಡುವ ದಿನ, ವಿದ್ಯುತ್ತಿಗೆ ಬರೆದುಕೊಡುವ ದಿನ ಎಲ್ಲ ಬೇರೆ ಬೇರೆ. ಹೆಸರು ತಡವಾಗಿ ಕೊಟ್ಟರೆ ನಿಮ್ಮ ಮಳಿಗೆಯ ತಲೆಯ ಮೇಲೆ ನಂಬರ್ ಮಾತ್ರ ಇರುತ್ತದೆ. ವಿದ್ಯುತ್ತಿಗೆ ತಡ ಮಾಡಿದರೆ ದರ ಏರುತ್ತದೆ. ಮೊದಲು ಬಂದವರಿಗೆ ಮೊದಲು ಎಂಬ ಪದ್ಧತಿಯಿದ್ದರೆ ಅರ್ಜಿಯ ಕೊನೆಯ ದಿನದ ಹೊತ್ತಿಗೆ ಉಳಿದಿರುವುದು ಶೌಚಾಲಯದ ಪಕ್ಕದ ಸಾಲು. ಇನ್ನು ಚೆನ್ನೈಗೋ ಹೈದರಾಬಾದಿಗೋ ಹೋಗುವವರಿಗೆ ಮತ್ತೊಂದು ಗಡುವು ಸೇರುತ್ತದೆ. ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯದ ಮೇಳದಲ್ಲಿ ಮಾರಬೇಕಾದರೆ ಆ ರಾಜ್ಯದಲ್ಲಿ ತಾತ್ಕಾಲಿಕ ಜಿಎಸ್‌ಟಿ ನೋಂದಣಿ ಮಾಡಿಸಬೇಕು, ವ್ಯಾಪಾರ ಶುರುವಾಗುವ ಕನಿಷ್ಠ 5 ದಿನ ಮೊದಲು. ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲ 2022ರ ಜುಲೈ 18ರಿಂದ ತೆರಿಗೆಯೊಳಗೆ ಬಂದಿದೆ ಎಂಬುದನ್ನು ಬೆಲ್ಲದವರು ಮರೆಯುವಂತಿಲ್ಲ.

ಇಷ್ಟನ್ನೂ ಫೋನಿನಲ್ಲಿ ಕೇಳಲಾಗದು, ಕೇಳಿದರೂ ನೆನಪಿಡಲಾಗದು. ಫೋನು ಮಾಡಿ ಇ-ಮೇಲ್ ವಿಳಾಸ ತೆಗೆದುಕೊಳ್ಳಿ, ಉಳಿದದ್ದು ಕಾಗದದಲ್ಲಿ. ಸರ್ಕಾರಿ ಮೇಳಕ್ಕೆ ಕನ್ನಡದಲ್ಲೇ ಬರೆಯಿರಿ. ಖಾಸಗಿಯವರಿಗೆ ಇಂಗ್ಲಿಷ್ ಬೇಕೆಂದರೆ ಮಕ್ಕಳಿಂದ ಬರೆಸಿ. ಒಕ್ಕಣೆ ಹೀಗಿದ್ದರೆ ಸಾಕು:

“ಮಾನ್ಯರೇ, ನಾವು ಮಳವಳ್ಳಿ ತಾಲ್ಲೂಕಿನಲ್ಲಿ ಬೆಲ್ಲದ ಪುಡಿ ತಯಾರಿಸಿ ಪೊಟ್ಟಣದಲ್ಲಿ ಮಾರುತ್ತೇವೆ. ಉದ್ಯಮ್ ನೋಂದಣಿ, ಆಹಾರ ಸುರಕ್ಷತಾ ನೋಂದಣಿ ಇವೆ. ನಿಮ್ಮ ಮೇಳದಲ್ಲಿ 9 ಚದರ ಮೀಟರಿನ ಕಟ್ಟಿದ ಮಳಿಗೆ ಪಡೆಯುವ ಯೋಚನೆ ಇದೆ. ದಯವಿಟ್ಟು ಈ ವಿವರ ತಿಳಿಸಿ. 1. ಮೇಳದ ಖಚಿತ ದಿನಾಂಕ, ಸ್ಥಳ. ಮಳಿಗೆ ವಶಕ್ಕೆ ಕೊಡುವ ಮತ್ತು ಖಾಲಿ ಮಾಡುವ ಹೊತ್ತು. 2. ಜಿಎಸ್‌ಟಿ ಸೇರಿ ಒಟ್ಟು ಬಾಡಿಗೆ, ಅದರಲ್ಲಿ ಸೇರಿದ ಸಾಮಾನು. ಮೂಲೆ ಮಳಿಗೆಗೆ ಹೆಚ್ಚುವರಿ. 2 ಕಿಲೋವ್ಯಾಟ್ ವಿದ್ಯುತ್ತಿನ ದರ. 3. ಮಹಿಳಾ ಉದ್ದಿಮೆ, ಕಿರು ಉದ್ದಿಮೆಗೆ ರಿಯಾಯಿತಿ ಇದೆಯೇ. 4. ರುಚಿ ನೋಡಲು ಟೀ ಕೊಡುವುದಕ್ಕೂ ಸ್ಥಳದಲ್ಲೇ ಮಾರುವುದಕ್ಕೂ ಅನುಮತಿ ಇದೆಯೇ. 5. ಅರ್ಜಿ, ಮುಂಗಡ, ಬಾಕಿ ಹಣ, ಬೋರ್ಡಿನ ಹೆಸರು, ವಿದ್ಯುತ್ ಇವುಗಳ ಕೊನೆಯ ದಿನಾಂಕ. 6. ನಾವು ರದ್ದು ಮಾಡಿದರೆ, ನೀವು ರದ್ದು ಮಾಡಿದರೆ ಅಥವಾ ಮುಂದೂಡಿದರೆ ಹಣ ವಾಪಸಿನ ನಿಯಮ. ಖಾಲಿ ಮಳಿಗೆ ಗುರುತಿಸಿದ ನಕ್ಷೆ, ಅರ್ಜಿ ನಮೂನೆ, ಷರತ್ತುಗಳ ಪ್ರತಿ ಕಳುಹಿಸಿಕೊಡಿ. ಇದು ವಿಚಾರಣೆ ಮಾತ್ರ, ಮಳಿಗೆ ಕಾಯ್ದಿರಿಸುವ ಅರ್ಜಿಯಲ್ಲ.”

ಕೊನೆಯ ಆ ಸಾಲನ್ನು ಬಿಡಬೇಡಿ. ವಿಚಾರಿಸಿದ್ದನ್ನೇ ಬುಕಿಂಗ್ ಎಂದು ಹಿಡಿದು ಬಿಲ್ ಕಳಿಸುವವರಿಗೆ ಅದು ಉತ್ತರ.

ಪ್ರಶ್ನೆಗೆ ನಂಬರ್ ಹಾಕಿರುವುದಕ್ಕೂ ಕಾರಣವಿದೆ. ಉತ್ತರ ಬಂದಾಗ ಯಾವುದನ್ನು ಬಿಟ್ಟಿದ್ದಾರೆ ಎಂಬುದು ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಬಿಡುವುದು ಆರನೆಯದನ್ನು. ಬಣ್ಣದ ಕರಪತ್ರ ಮಾತ್ರ ಲಗತ್ತಿಸಿ ‘ಕಾಲ್ ಮಾಡಿ ಸಾರ್’ ಎಂದು ಬಂದರೆ ಮತ್ತೊಮ್ಮೆ ಬರೆಯಿರಿ. ನಕ್ಷೆ ಬಂದರೆ ಬಾಗಿಲು ಎಲ್ಲಿ, ವೇದಿಕೆ ಎಲ್ಲಿ ಎಂದು ನೋಡಿ. ವೇದಿಕೆಯ ಎದುರಿನ ಮಳಿಗೆಯಲ್ಲಿ ಧ್ವನಿವರ್ಧಕದ ಗಲಾಟೆಗೆ ಅಂಗಡಿಯವರೊಡನೆ ದರ ಮಾತಾಡಲಾಗುವುದಿಲ್ಲ.

ಹಣ ಹಾಕುವ ಮೊದಲು ಇನ್ನೊಂದು ಫೋನು, ಅದು ಜಾಗದವರಿಗೆ. ಈ ತಾರೀಕಿಗೆ ಈ ಹೆಸರಿನವರು ನಿಮ್ಮಲ್ಲಿ ಸಭಾಂಗಣ ಹಿಡಿದಿದ್ದಾರೆಯೇ ಎಂದು ಕೇಳಿದರೆ ಹೌದು, ಇಲ್ಲ ಎಂದು ಹೇಳುತ್ತಾರೆ. ಎರಡು ನಿಮಿಷದ ಕೆಲಸ. ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆ ಇರಬೇಕು, ಹಣ ಸಂಸ್ಥೆಯ ಬ್ಯಾಂಕ್ ಖಾತೆಗೇ ಹೋಗಬೇಕು. ಯಾರದೋ ಸ್ವಂತ ಯುಪಿಐ ನಂಬರ್ ಕೊಟ್ಟರೆ ಅಲ್ಲಿಗೇ ನಿಲ್ಲಿಸಿ. ಇಷ್ಟಾದ ಮೇಲೂ ಫೋನಿನಲ್ಲಿ ಏನಾದರೂ ಹೊಸ ಭರವಸೆ ಕೊಟ್ಟರೆ, ‘ಮೂಲೆ ಮಳಿಗೆಗೆ ಹೆಚ್ಚುವರಿ ತಗೊಳಲ್ಲ ಬಿಡಿ’ ಎಂದೋ ‘ವಿದ್ಯುತ್ ನೋಡ್ಕೊಳ್ತೀವಿ’ ಎಂದೋ, ಫೋನ್ ಇಟ್ಟ ಕೂಡಲೇ ಅದೇ ಇ-ಮೇಲಿಗೆ ಎರಡು ಸಾಲು ಹಾಕಿ: ಇವತ್ತು ಫೋನಿನಲ್ಲಿ ಮಾತಾಡಿದಂತೆ ಮೂಲೆ ಮಳಿಗೆ 45,000ಕ್ಕೇ ಕೊಡುವುದಾಗಿ ತಿಳಿಸಿದ್ದೀರಿ, ಅದರಂತೆ ಬಿಲ್ ಕಳುಹಿಸಿ. ಬಿಲ್ ಬಂದ ಮೇಲೆ ಮುಂಗಡ.